ಒಂದು ಕೋಷ್ಟಕ ಮೂರಾಗುವ ಬಗೆ

ಕಾಲೇಜೊಂದರ ಅಂಕಗಳ ಕೋಷ್ಟಕದಲ್ಲಿ ಆರು ಕಾಲಂಗಳಿವೆ: ನೋಂದಣಿ ಸಂಖ್ಯೆ, ಹೆಸರು, ವಿಭಾಗ, ವಿಭಾಗದ ಫೋನ್, ವಿಷಯ, ಅಂಕ. ವಿದ್ಯಾರ್ಥಿ 5 ವಿಷಯ ಬರೆದರೆ ವಿಭಾಗದ ಫೋನ್ 5 ಸಲ ದಾಖಲಾಗುತ್ತದೆ. ನಂಬರ್ ಬದಲಾದಾಗ ಒಂದು ಸಾಲು ತಿದ್ದದೆ ಬಿಟ್ಟರೂ ಒಂದೇ ವಿಭಾಗಕ್ಕೆ ಎರಡು ನಂಬರ್ ಉಳಿಯುತ್ತವೆ.

ಯಾವುದು ಯಾವುದನ್ನು ನಿರ್ಧರಿಸುತ್ತದೆ ಎಂಬುದೇ ಇಲ್ಲಿ ಮುಖ್ಯ. ನೋಂದಣಿ ಸಂಖ್ಯೆ ಹೆಸರು ಮತ್ತು ವಿಭಾಗವನ್ನು ನಿರ್ಧರಿಸುತ್ತದೆ, ವಿಭಾಗವು ಫೋನನ್ನು. ಅಂಕ ತಿಳಿಯಲು ಮಾತ್ರ ನೋಂದಣಿ ಸಂಖ್ಯೆ, ವಿಷಯ ಎರಡೂ ಬೇಕು. ಆ ಜೋಡಿಯೇ ಕೀ.

ಹೆಸರು, ವಿಭಾಗ, ಫೋನ್ ಕೀಯ ಒಂದು ಭಾಗವನ್ನಷ್ಟೇ ಅವಲಂಬಿಸಿವೆ. ಅವನ್ನು ನೋಂದಣಿ ಸಂಖ್ಯೆಯೊಡನೆ ‘ವಿದ್ಯಾರ್ಥಿ’ ಕೋಷ್ಟಕಕ್ಕೆ ಬೇರ್ಪಡಿಸಿದರೆ ಎರಡನೇ ನಾರ್ಮಲ್ ಫಾರ್ಮ್ ಸಿಗುತ್ತದೆ. ಅಲ್ಲಿಯೂ ಫೋನ್ ವಿಭಾಗದ ಮೂಲಕವೇ ನಿರ್ಧಾರವಾಗುತ್ತದೆ. ಅದನ್ನು ‘ವಿಭಾಗ’ ಕೋಷ್ಟಕಕ್ಕೆ ಸರಿಸಿದರೆ ಮೂರನೇ ನಾರ್ಮಲ್ ಫಾರ್ಮ್. ಈಗ ನಂಬರ್ ಒಂದೇ ಕಡೆ ಇರುತ್ತದೆ, ತಿದ್ದುಪಡಿಯೂ ಒಂದೇ.