ಆ ದನಿ ನಿಜಕ್ಕೂ ಅವರದ್ದೇ?

2023ರ ಏಪ್ರಿಲ್‌ನಲ್ಲಿ 26 ಸೆಕೆಂಡುಗಳ ಒಂದು ಆಡಿಯೊ ತಮಿಳುನಾಡಿನ ರಾಜಕೀಯದಲ್ಲಿ ಗದ್ದಲ ಎಬ್ಬಿಸಿತು. ಆಗ ಹಣಕಾಸು ಸಚಿವರಾಗಿದ್ದ ಪಳನಿವೇಲ್ ತ್ಯಾಗರಾಜನ್ ಅವರದ್ದು ಎನ್ನಲಾದ ದನಿ ಅದರಲ್ಲಿತ್ತು. ಮಾತು ಅವರದೇ ಪಕ್ಷದ ನಾಯಕತ್ವಕ್ಕೆ ಹತ್ತಿರದವರ ಕುರಿತದ್ದು. ಇದು ಕಟ್ಟುಕಥೆ, ಕೃತಕವಾಗಿ ಸೃಷ್ಟಿಸಿದ ಆಡಿಯೊ ಎಂದು ಸಚಿವರು ನಿರಾಕರಿಸಿದರು. ಕೆಲವೇ ದಿನಗಳಲ್ಲಿ, ಏಪ್ರಿಲ್ 25ರಂದು, ಕರ್ನಾಟಕದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದು ಆಗ ತಮಿಳುನಾಡು ಬಿಜೆಪಿ ಅಧ್ಯಕ್ಷರಾಗಿದ್ದ ಕೆ. ಅಣ್ಣಾಮಲೈ ಇನ್ನೊಂದು ತುಣುಕು ಬಿಡುಗಡೆ ಮಾಡಿದರು. ಅದು ಸುಮಾರು ಒಂದು ನಿಮಿಷದ್ದು. ಸಚಿವರು ಅದನ್ನೂ ಅಲ್ಲಗಳೆದರು. ಮೇ ತಿಂಗಳಲ್ಲಿ ಅವರ ಖಾತೆ ಬದಲಾಗಿ ಮಾಹಿತಿ ತಂತ್ರಜ್ಞಾನ ಇಲಾಖೆಗೆ ಹೋದರು.

ಬಹುತೇಕ ಸುದ್ದಿಮನೆಗಳಲ್ಲಿ ವರದಿ ಅಲ್ಲಿಗೇ ನಿಂತಿತು. ಇವರು ಹೀಗೆಂದರು, ಅವರು ಹಾಗೆಂದರು, ಓದುಗರು ಬೇಕಾದ್ದನ್ನು ನಂಬಿಕೊಳ್ಳಲಿ ಎಂಬಂತೆ. ‘ರೆಸ್ಟ್ ಆಫ್ ವರ್ಲ್ಡ್’ ಎಂಬ ಸುದ್ದಿಸಂಸ್ಥೆ ಮಾತ್ರ ಎರಡೂ ತುಣುಕುಗಳನ್ನು ಸ್ವತಂತ್ರ ತಜ್ಞರಿಂದ ಪರೀಕ್ಷೆ ಮಾಡಿಸಿ ಜುಲೈನಲ್ಲಿ ಫಲಿತಾಂಶ ಪ್ರಕಟಿಸಿತು. ಮೊದಲ ತುಣುಕಿನ ಗುಣಮಟ್ಟ ಕಳಪೆಯಾಗಿದ್ದರಿಂದ ಅದರ ಬಗ್ಗೆ ಖಚಿತವಾಗಿ ಏನೂ ಹೇಳಲು ಬರಲಿಲ್ಲ. ಎರಡನೆಯದು ಮಾತ್ರ ಅಸಲಿ ಎಂದು ತಜ್ಞರು ಅಭಿಪ್ರಾಯಪಟ್ಟರು. ಸಚಿವರು ತಮ್ಮ ನಿರಾಕರಣೆಯಿಂದ ಹಿಂದೆ ಸರಿಯಲಿಲ್ಲ.

ಒಂದೇ ವಾರದ ಆಸುಪಾಸಿನಲ್ಲಿ ಬಂದ, ಒಂದೇ ದನಿಯ ಎರಡು ತುಣುಕುಗಳಿಗೆ ಎರಡು ಬೇರೆ ಉತ್ತರ. ರಾಜಕಾರಣಿಯ ಆಡಿಯೊ ಕೈಗೆ ಬಂದಾಗ ವರದಿಗಾರ ಗಮನಿಸಬೇಕಾದ ಸಂಗತಿ ಇದರಲ್ಲೇ ಇದೆ. ಸಚಿವರ ನಿರಾಕರಣೆಯಿಂದ ತುಣುಕು ನಕಲಿಯಾಗುವುದಿಲ್ಲ, ಎದುರಾಳಿಯ ಆರೋಪದಿಂದ ಅಸಲಿಯಾಗುವುದೂ ಇಲ್ಲ. ಒಂದು ತುಣುಕಿನ ಫಲಿತಾಂಶವನ್ನು ಇನ್ನೊಂದಕ್ಕೆ ಎಳೆದು ತರುವಂತೆಯೂ ಇಲ್ಲ. ಡೀಪ್‌ಫೇಕ್ ಬಂದ ಮೇಲೆ ತಪ್ಪು ಎರಡೂ ಕಡೆಯಿಂದ ಆಗಬಹುದು: ಆಡದ ಮಾತನ್ನು ಆಡಿದಂತೆ ತೋರಿಸಬಹುದು, ಆಡಿದ ಮಾತನ್ನು ‘ಎಐ ಮಾಡಿದ್ದು’ ಎಂದು ಜಾರಿಕೊಳ್ಳಲೂಬಹುದು.

ಮೊದಲ ಕೆಲಸ ಕೇಳುವುದಲ್ಲ, ಹುಡುಕುವುದು. ಈ ಕಡತ ಎಲ್ಲಿಂದ ಬಂತು? ವಾಟ್ಸ್‌ಆ್ಯಪ್‌ನಲ್ಲಿ ಬರಿದೇ ಫಾರ್ವರ್ಡ್ ಆದ ಆಡಿಯೊ ಹೆಚ್ಚು ಬದಲಾಗದೇ ಇರಬಹುದು. ಆದರೆ ವೈರಲ್ ಆದದ್ದು ಅಷ್ಟು ನೇರವಾಗಿ ಬಂದಿರುವುದು ಅಪರೂಪ. ಒಬ್ಬರು ಫೋನಿನ ಸ್ಪೀಕರ್‌ನಿಂದ ಕೇಳಿಸಿ ಇನ್ನೊಂದು ಫೋನಿನಲ್ಲಿ ರೆಕಾರ್ಡ್ ಮಾಡಿರುತ್ತಾರೆ. ಮತ್ತೊಬ್ಬರು ಅದಕ್ಕೆ ನಾಯಕರ ಫೋಟೊ ಹಚ್ಚಿ ವಿಡಿಯೊ ಮಾಡಿರುತ್ತಾರೆ. ಮೂರನೆಯವರು ಹಿನ್ನೆಲೆಗೆ ಸಂಗೀತ ಸೇರಿಸಿರುತ್ತಾರೆ. ಪ್ರತಿ ಹಂತದಲ್ಲೂ ದನಿಯ ಸೂಕ್ಷ್ಮ ವಿವರ ಅಳಿಯುತ್ತದೆ, ಅಸಲಿ ನಕಲಿ ಗುರುತಿಸಲು ಬೇಕಾದದ್ದೂ ಅದೇ ವಿವರ. ಹಾಗಾಗಿ ವರದಿಗಾರ ಹಿಮ್ಮುಖವಾಗಿ ನಡೆಯಬೇಕು. ಮೊದಲು ಹಾಕಿದ ಖಾತೆ ಯಾವುದು, ಯಾವ ದಿನ, ಎಷ್ಟು ಗಂಟೆಗೆ, ಇದಕ್ಕಿಂತ ಉದ್ದದ ರೂಪ ಎಲ್ಲಾದರೂ ಇದೆಯೇ ಎಂದು ನೋಡಬೇಕು. 26 ಸೆಕೆಂಡಿನ ಮಾತಿಗೆ ಮೊದಲೊಂದು ಪ್ರಶ್ನೆ, ಆಮೇಲೊಂದು ಉತ್ತರ ಇದ್ದೇ ಇರುತ್ತದೆ. ಅವು ಇಲ್ಲದೆ ಬಂದ ತುಣುಕನ್ನು ಯಾರೋ ಎಲ್ಲೋ ಕತ್ತರಿಸಿದ್ದಾರೆ ಎಂಬುದಂತೂ ಖಚಿತ. ತುಣುಕು ಕೊಟ್ಟವರನ್ನು ಕೇಳಬೇಕಾದದ್ದು ಒಂದೇ: ಪೂರ್ತಿ ರೆಕಾರ್ಡಿಂಗ್ ಕೊಡುತ್ತೀರಾ, ಮೊದಲು ರೆಕಾರ್ಡ್ ಆದ ಸಾಧನ ತೋರಿಸುತ್ತೀರಾ?

ಮೂಲ ಸಿಕ್ಕರೆ ಕಗ್ಗಂಟು ಎಷ್ಟು ಬೇಗ ಬಿಚ್ಚಿಕೊಳ್ಳುತ್ತದೆ ಎಂಬುದಕ್ಕೆ ಅಮೆರಿಕದ ಪ್ರಕರಣ ನೋಡಬಹುದು. 2024ರ ಜನವರಿಯಲ್ಲಿ, ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪ್ರಾಥಮಿಕ ಚುನಾವಣೆಗೆ ಎರಡು ದಿನ ಮುಂಚೆ, ಸಾವಿರಾರು ಮತದಾರರ ಫೋನಿಗೆ ಜೋ ಬೈಡನ್ ದನಿಯಲ್ಲಿ ಕರೆ ಬಂತು. ಈಗ ಮತ ಹಾಕಬೇಡಿ, ನವೆಂಬರ್‌ಗೆ ಉಳಿಸಿಕೊಳ್ಳಿ ಎಂಬುದು ಅದರ ಸಾರ. ದನಿಯನ್ನು ವಿಶ್ಲೇಷಿಸಿದ ಕಂಪನಿಗಳು ಇದು ಕೃತಕ ದನಿ ಎಂದವು. ಪ್ರಕರಣ ಸಂಶಯವಿಲ್ಲದೆ ಮುಗಿದದ್ದು ಜನ ಬಾಯಿ ಬಿಟ್ಟಾಗ. ದನಿ ತಯಾರಿಸಿಕೊಟ್ಟ ಜಾದೂಗಾರ ತನಗೆ 150 ಡಾಲರ್ ಸಿಕ್ಕಿತ್ತು ಎಂದ, ಮಾಡಿಸಿದ ರಾಜಕೀಯ ಸಲಹೆಗಾರ ಸ್ಟೀವ್ ಕ್ರೇಮರ್ ಒಪ್ಪಿಕೊಂಡರು. ಅಮೆರಿಕದ ಸಂಪರ್ಕ ಆಯೋಗ ಅವರಿಗೆ 60 ಲಕ್ಷ ಡಾಲರ್ ದಂಡ ಹಾಕಿತು.

ಇನ್ನು ಕಿವಿಯ ಮಾತು. ‘ಅವರ ದನಿ ನನಗೆ ಗೊತ್ತು’ ಎಂಬ ಸಾಕ್ಷಿ ಎಷ್ಟು ಗಟ್ಟಿ? 2024ರ ನವೆಂಬರ್‌ನಲ್ಲಿ, ಮಹಾರಾಷ್ಟ್ರ ವಿಧಾನಸಭೆ ಮತದಾನದ ಹಿಂದಿನ ರಾತ್ರಿ, ಸುಪ್ರಿಯಾ ಸುಳೆ ಮತ್ತು ನಾನಾ ಪಟೋಲೆ ಅವರದ್ದು ಎನ್ನಲಾದ ಆಡಿಯೊ ತುಣುಕುಗಳು ಹರಿದಾಡಿದವು. ದನಿ ತಮ್ಮದಲ್ಲ ಎಂದು ಸುಳೆ ಹೇಳಿದರು. ಎದುರು ಪಾಳಯದಲ್ಲಿದ್ದ ಅಜಿತ್ ಪವಾರ್, ಇದು ತಂಗಿಯದೇ ದನಿ, ಧಾಟಿಯಿಂದಲೇ ತಿಳಿಯುತ್ತದೆ ಎಂದರು. ಸುಳೆಗೆ ಅವರು ದೊಡ್ಡಪ್ಪನ ಮಗ, ಅಂದರೆ ಆ ದನಿಯನ್ನು ಚಿಕ್ಕಂದಿನಿಂದ ಕೇಳಿದವರು. ಆದರೆ ‘ಬೂಮ್’ ಸಂಸ್ಥೆಯ ಸತ್ಯಶೋಧಕರು ತುಣುಕುಗಳನ್ನು ಪರೀಕ್ಷಿಸಿದಾಗ ಕೃತಕ ದನಿಯ ಕುರುಹುಗಳು ಕಂಡವು. ದನಿ ನಕಲು ಮಾಡುವ ತಂತ್ರ ಕಲಿಯುವುದೇ ಧಾಟಿಯನ್ನು. ಅದು ಎಲ್ಲಕ್ಕಿಂತ ಚೆನ್ನಾಗಿ ಮಾಡುವ ಕೆಲಸವನ್ನೇ ಸಾಕ್ಷಿ ಎಂದು ಒಪ್ಪಿಕೊಂಡರೆ ಪರೀಕ್ಷೆಗೆ ಅರ್ಥವಿಲ್ಲ.

ಕಿವಿ ಬೇರೆ ಕಡೆ ಇರಬೇಕು, ಮಾತಿನ ನಡುವಿನ ಜಾಗಗಳಲ್ಲಿ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಮೊದಲ ಸಲ ಮಾತನ್ನು ಬಿಟ್ಟು ಹಿನ್ನೆಲೆಯನ್ನಷ್ಟೇ ಕೇಳಬೇಕು. ಕೋಣೆಯಲ್ಲಿ ಫ್ಯಾನ್ ತಿರುಗುತ್ತಿದ್ದರೆ ಆ ಸದ್ದು ಮಾತು ನಿಂತಾಗಲೂ ಇರಬೇಕು. ಪದಗಳ ನಡುವೆ ಅದು ಪೂರಾ ಸತ್ತು ಮತ್ತೆ ಎದ್ದರೆ ಅಲ್ಲಿ ಏನೋ ಆಗಿದೆ. ಉಸಿರು ಎಲ್ಲಿ ಎಳೆದುಕೊಳ್ಳುತ್ತಾರೆ, ಉದ್ದ ವಾಕ್ಯದ ಕೊನೆಗೆ ದನಿ ಬೀಳುತ್ತದೆಯೇ, ಎದುರಿನವರ ‘ಹ್ಞಾಂ’ ‘ಹೌದಾ’ ಮಾತಿನ ಮೇಲೆ ಬೀಳುತ್ತದೆಯೇ ಎಂದು ಗಮನಿಸಬೇಕು. ಕನ್ನಡದ ತುಣುಕಾದರೆ ಇನ್ನೊಂದು ದಾರಿ ಇದೆ. ವೇದಿಕೆಯಲ್ಲಿ ಗ್ರಾಂಥಿಕವಾಗಿ ಮಾತಾಡುವ ನಾಯಕ ಆಪ್ತರ ಜತೆ ತನ್ನೂರಿನ ಆಡುಮಾತಿಗೆ ಇಳಿಯುತ್ತಾನೆ. ಖಾಸಗಿ ಹರಟೆ ಎನ್ನಲಾದ ತುಣುಕಿನಲ್ಲಿ ವಿಭಕ್ತಿ, ಕ್ರಿಯಾಪದಗಳೆಲ್ಲ ಭಾಷಣದಂತೆ ಪೂರ್ಣವಾಗಿ ಬಂದರೆ, ಒತ್ತಕ್ಷರ ದೀರ್ಘಗಳು ಎಲ್ಲೂ ಸಡಿಲವಾಗದಿದ್ದರೆ, ಆ ಊರಿನವರಿಗೆ ಕೇಳಿಸಿ ನೋಡುವುದು ಒಳ್ಳೆಯದು. ಇವೆಲ್ಲ ಅನುಮಾನಕ್ಕೆ ಕಾರಣಗಳೇ ಹೊರತು ಪುರಾವೆಗಳಲ್ಲ.

ಮುಂದಿನದು ಕಣ್ಣಿನ ಪರೀಕ್ಷೆ. ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಆಡಿಯೊ ತೆರೆದು ಸ್ಪೆಕ್ಟ್ರೋಗ್ರಾಮ್ ನೋಟಕ್ಕೆ ಬದಲಿಸಿದರೆ ದನಿ ಚಿತ್ರವಾಗಿ ಕಾಣುತ್ತದೆ. ಎಡದಿಂದ ಬಲಕ್ಕೆ ಸಮಯ, ಕೆಳಗಿನಿಂದ ಮೇಲಕ್ಕೆ ಕಂಪನಾಂಕ. ಎಲ್ಲಿ ಸದ್ದು ಹೆಚ್ಚೋ ಅಲ್ಲಿ ಬಣ್ಣ ಪ್ರಖರ. ಕತ್ತರಿಸಿ ಅಂಟಿಸಿದ ಕಡೆ ಹಿನ್ನೆಲೆಯ ಬಣ್ಣ ಗೆರೆ ಎಳೆದಂತೆ ಥಟ್ಟನೆ ಬದಲಾಗುವುದುಂಟು. ತಜ್ಞರು ಇನ್ನೂ ಕೆಳಗಿಳಿದು ವಿದ್ಯುತ್ತಿನ ಗುಂಯ್ ಸದ್ದನ್ನು ಹುಡುಕುತ್ತಾರೆ. ನಮ್ಮಲ್ಲಿ ವಿದ್ಯುತ್ 50 ಹರ್ಟ್ಸ್‌ನ ಆಚೀಚೆ ಸಣ್ಣಗೆ ಏರಿಳಿಯುತ್ತಲೇ ಇರುತ್ತದೆ. ರೆಕಾರ್ಡಿಂಗ್‌ನಲ್ಲಿ ಆ ಸದ್ದು ಸೇರಿಕೊಂಡಿದ್ದರೆ, ಕತ್ತರಿ ಬಿದ್ದ ಜಾಗದಲ್ಲಿ ಅದರ ಲಯ ತಪ್ಪುತ್ತದೆ. ಆದರೆ ಫೋನ್ ಕರೆ ಕೆಳಗಿನ ಕಂಪನಾಂಕಗಳನ್ನು ಸೋಸಿಬಿಡುತ್ತದೆ, ಹಿಗ್ಗಾಮುಗ್ಗಾ ಕುಗ್ಗಿಸಿದ ಕಡತದಲ್ಲಿ ಉಳಿದದ್ದೂ ಹೋಗಿರುತ್ತದೆ. ಅಸಲಿ ಆಡಿಯೊ ಕೂಡ ಈ ಪ್ರಯಾಣದಲ್ಲಿ ವಿಚಿತ್ರವಾಗಿ ಕಾಣಬಹುದು.

ಕೊನೆಗೆ ಡೀಪ್‌ಫೇಕ್ ಪತ್ತೆ ಮಾಡುವ ತಂತ್ರಾಂಶಗಳು. ಕಡತ ಹಾಕಿದರೆ ಅವು ಶೇಕಡಾವಾರು ಉತ್ತರ ಕೊಡುತ್ತವೆ, ಎಡವುವುದು ಹೆಚ್ಚಾಗಿ ಇಲ್ಲೇ. ಲೆಕ್ಕ ಹಾಕಿ ನೋಡೋಣ. ಸುದ್ದಿಮನೆಗೆ 100 ತುಣುಕು ಬಂದವು, ಅದರಲ್ಲಿ 10 ನಕಲಿ ಎಂದುಕೊಳ್ಳಿ. ತಂತ್ರಾಂಶ ಹತ್ತರಲ್ಲಿ ಒಂಬತ್ತು ಸಲ ಸರಿ ಹೇಳುತ್ತದೆ. 10 ನಕಲಿಯಲ್ಲಿ 9 ಸಿಕ್ಕಿಬೀಳುತ್ತವೆ. ಉಳಿದ 90 ಅಸಲಿಯಲ್ಲಿ 9ನ್ನು ಅದು ತಪ್ಪಾಗಿ ನಕಲಿ ಎನ್ನುತ್ತದೆ. ಅಲ್ಲಿಗೆ ‘ನಕಲಿ’ ಎನಿಸಿಕೊಂಡ 18ರಲ್ಲಿ ಅರ್ಧ ಅಸಲಿ! ಇಂಥ ತಂತ್ರಾಂಶಗಳು ಕಲಿತದ್ದು ಹೆಚ್ಚಾಗಿ ಇಂಗ್ಲಿಷಿನ, ಸ್ವಚ್ಛ ರೆಕಾರ್ಡಿಂಗ್‌ಗಳಿಂದ. ಗದ್ದಲದ ನಡುವಿನ ಕನ್ನಡಕ್ಕೆ ಬಂದಾಗ ತಪ್ಪು ಇನ್ನೂ ಹೆಚ್ಚಬಹುದು. ಆದ್ದರಿಂದ ಒಂದಕ್ಕಿಂತ ಹೆಚ್ಚು ತಂತ್ರಾಂಶ ಬಳಸಬೇಕು. ಅದೇ ನಾಯಕರ, ಅದೇ ಬಗೆಯ, ಖಚಿತವಾಗಿ ಅಸಲಿಯಾದ ಆಡಿಯೊವನ್ನೂ ಹಾಕಿ ನೋಡಬೇಕು. ಅದನ್ನೂ ನಕಲಿ ಎಂದರೆ ಆ ತಂತ್ರಾಂಶದ ಮಾತನ್ನು ಪಕ್ಕಕ್ಕಿಡಬಹುದು. ಸ್ವಂತ ಪರೀಕ್ಷೆಯಲ್ಲಿ ತೀರ್ಮಾನವಾಗದಿದ್ದರೆ ಸತ್ಯಶೋಧನಾ ಸಂಸ್ಥೆಗಳ ಒಕ್ಕೂಟ 2024ರಲ್ಲಿ ಆರಂಭಿಸಿದ ‘ಡೀಪ್‌ಫೇಕ್ಸ್ ಅನಾಲಿಸಿಸ್ ಯುನಿಟ್’ಗೆ ವಾಟ್ಸ್‌ಆ್ಯಪ್ ಮೂಲಕ ಕಳಿಸುವ ದಾರಿ ಇದೆ.

ಪತ್ರಕರ್ತನ ಕೈಗೆ ಎಟುಕದ ಪರೀಕ್ಷೆಯೂ ಒಂದಿದೆ. ನಾಯಕರ ದನಿಯ ಮಾದರಿ ಪಡೆಯುವ ಅಧಿಕಾರ ಅವನಿಗಿಲ್ಲ. ತನಿಖೆಗೆ ಬೇಕಾದಾಗ ದನಿಯ ಮಾದರಿ ಕೊಡುವಂತೆ ಮ್ಯಾಜಿಸ್ಟ್ರೇಟ್ ಆದೇಶಿಸಬಹುದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ದೂರು ದಾಖಲಾಗಿದೆಯೇ, ಕಡತ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಿದೆಯೇ, ಹೋದದ್ದು ಮೂಲ ಸಾಧನವೋ ವಾಟ್ಸ್‌ಆ್ಯಪ್ ಪ್ರತಿಯೋ ಎಂಬುದು ವರದಿಯಲ್ಲಿ ಇರಬೇಕಾದ ಮಾಹಿತಿ.

ಹಾಗಾದರೆ ಓದುಗರಿಗೆ ಹೇಳುವುದೇನು? ಆರೋಪವನ್ನು ಶೀರ್ಷಿಕೆಗೆ ಏರಿಸಬಾರದು. ‘ಸಚಿವರ ಸ್ಫೋಟಕ ಆಡಿಯೊ’ ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಜವಾಬ್ದಾರಿ ತೀರುವುದಿಲ್ಲ. ಓದುಗರ ನೆನಪಿನಲ್ಲಿ ಉಳಿಯುವುದು ಆರೋಪ, ಚಿಹ್ನೆಯಲ್ಲ. ತುಣುಕನ್ನು ಮತ್ತೆ ಕೇಳಿಸುವುದೂ ಬೇಡ. ತಮಿಳುನಾಡಿನ ಆಡಿಯೊದಲ್ಲಿ ಏನಿತ್ತು ಎಂದು ಈ ಲೇಖನದಲ್ಲಿ ವಿವರಿಸಿಲ್ಲ, ಆದರೂ ಪ್ರಕರಣ ಅರ್ಥವಾಗಲು ಅಡ್ಡಿಯಾಗಿಲ್ಲ.

‘ಡೀಪ್‌ಫೇಕ್’ ಎಂಬ ಪದವನ್ನೂ ಅಳೆದು ಬಳಸಬೇಕು. ಕೃತಕ ದನಿ ಬೇರೆ, ಅಸಲಿ ಮಾತನ್ನು ಕತ್ತರಿಸಿ ಜೋಡಿಸಿದ್ದು ಬೇರೆ, ಮಿಮಿಕ್ರಿ ಕಲಾವಿದನ ದನಿ ಬೇರೆ. ಯಾವುದೆಂದು ಗೊತ್ತಿಲ್ಲದಿದ್ದರೆ ಹಾಗೆಂದೇ ಬರೆಯಬೇಕು. ಮಾದರಿ ವಾಕ್ಯ ಹೀಗಿರಬಹುದು: ‘ಈ ಆಡಿಯೊದ ಮೂಲ ಕಡತ ನಮಗೆ ಸಿಕ್ಕಿಲ್ಲ. ಸಾಮಾಜಿಕ ಜಾಲತಾಣದಲ್ಲಿ ಸಿಕ್ಕ ಪ್ರತಿಯನ್ನು ಇಬ್ಬರು ತಜ್ಞರು ಪರೀಕ್ಷಿಸಿದ್ದಾರೆ. ಒಬ್ಬರು ಕೃತಕ ದನಿಯ ಲಕ್ಷಣ ಇದೆ ಎಂದರು, ಇನ್ನೊಬ್ಬರು ಈ ಗುಣಮಟ್ಟದಲ್ಲಿ ಹೇಳಲಾಗದು ಎಂದರು. ಸಚಿವರು ನಿರಾಕರಿಸಿದ್ದಾರೆ. ಪೂರ್ಣ ರೆಕಾರ್ಡಿಂಗ್ ಕೇಳಿದಾಗ ಬಿಡುಗಡೆ ಮಾಡಿದವರು ಕೊಡಲಿಲ್ಲ.’ ಇದರಲ್ಲಿ ತೀರ್ಪಿಲ್ಲ, ಆದರೆ ತೀರ್ಪಿಗೆ ಬೇಕಾದದ್ದೆಲ್ಲ ಇದೆ. ನಿರಾಕರಿಸಿದ ನಾಯಕರನ್ನೂ ಬಿಡಿಯಾಗಿ ಕೇಳಬೇಕು: ಇಂಥ ಮಾತುಕತೆ ನಡೆದೇ ಇಲ್ಲವೇ, ನಡೆದದ್ದನ್ನು ತಿರುಚಿದ್ದಾರೆಯೇ, ಯಾವ ವಾಕ್ಯ ನಿಮ್ಮದಲ್ಲ? ‘ಎಲ್ಲ ಎಐ’ ಎಂಬ ಒಂದೇ ಸಾಲಿನ ಉತ್ತರ ಬಂದರೆ, ಈ ಪ್ರಶ್ನೆಗಳಿಗೆ ಉತ್ತರ ಬರಲಿಲ್ಲ ಎಂದು ಬರೆಯಬೇಕು.

ಮತದಾನಕ್ಕೆ ಗಂಟೆಗಳಿದ್ದಾಗ ಬಂದ ತುಣುಕಿಗೆ ಇಷ್ಟೆಲ್ಲ ಮಾಡಲು ಸಮಯ ಸಿಗುವುದಿಲ್ಲ, ಹಾಗೆ ಬಿಡುಗಡೆ ಮಾಡುವವರ ಲೆಕ್ಕವೂ ಅದೇ. ಅಂಥ ರಾತ್ರಿ ಪತ್ರಿಕೆ ‘ದೃಢಪಟ್ಟಿಲ್ಲ’ ಎಂದಷ್ಟೇ ಬರೆದು, ಪರೀಕ್ಷೆ ಮುಗಿದ ಮೇಲೆ ಫಲಿತಾಂಶವನ್ನು ಅಷ್ಟೇ ಎದ್ದು ಕಾಣುವಂತೆ ಪ್ರಕಟಿಸಬೇಕು. ಓದುಗರೂ ಒಂದು ಸಹಾಯ ಮಾಡಬಹುದು. ಇಂಥ ಆಡಿಯೊ ಕೈಗೆ ಬಂದರೆ ಗುಂಪುಗಳಿಗೆ ಕಳಿಸದೆ, ಯಾರಿಂದ ಯಾವಾಗ ಬಂತೆಂಬ ವಿವರದೊಂದಿಗೆ ಬಂದ ಕಡತವನ್ನೇ ನಂಬಿಕೆಯ ಸುದ್ದಿಮನೆಗೋ ಸತ್ಯಶೋಧಕರಿಗೋ ತಲುಪಿಸಿ.