28 ಅಂಕಕ್ಕೆ ಹಳದಿ ಬಂದದ್ದೇಕೆ?

ಹೈಸ್ಕೂಲಿನ ಒಂದು ತರಗತಿಯ ಕಿರುಪರೀಕ್ಷೆಯ ಅಂಕಪಟ್ಟಿ ಎಕ್ಸೆಲ್‌ನಲ್ಲಿದೆ ಎಂದುಕೊಳ್ಳಿ. A ಕಾಲಂನಲ್ಲಿ ಕ್ರಮಸಂಖ್ಯೆ, B ಕಾಲಂನಲ್ಲಿ ಹೆಸರು, C ಕಾಲಂನಲ್ಲಿ ಹಾಜರಾತಿಯ ಶೇಕಡಾವಾರು ಸಂಖ್ಯೆ, D ಕಾಲಂನಲ್ಲಿ 100ಕ್ಕೆ ಬಂದ ಅಂಕ. ಮಕ್ಕಳ ವಿವರ 2ನೇ ಸಾಲಿನಿಂದ 61ರವರೆಗೆ. ಶಿಕ್ಷಕರು ಮೊದಲು 35ಕ್ಕಿಂತ ಕಡಿಮೆ ಅಂಕಕ್ಕೆ ಕೆಂಪು ಬಣ್ಣ ಬರುವಂತೆ ನಿಯಮ ಹಾಕಿದರು. ಆಮೇಲೆ 50ಕ್ಕಿಂತ ಕಡಿಮೆ ಇದ್ದರೆ ಹಳದಿ ಎಂದು ಇನ್ನೊಂದು.

```
=D2<35
=D2<50
```

ಎರಡನೆಯದನ್ನು ಹಾಕುತ್ತಿದ್ದಂತೆ ಕೆಂಪೆಲ್ಲ ಮಾಯ. 28 ತೆಗೆದವನಿಗೂ 47 ತೆಗೆದವನಿಗೂ ಒಂದೇ ಹಳದಿ.

ಸೂತ್ರದಲ್ಲಿ ತಪ್ಪಿಲ್ಲ. 28 ಎಂಬುದು 35ಕ್ಕಿಂತಲೂ ಕಡಿಮೆ, 50ಕ್ಕಿಂತಲೂ ಕಡಿಮೆ. ಎರಡು ನಿಯಮಗಳೂ ಆ ಸೆಲ್‌ಗೆ ಅನ್ವಯಿಸುತ್ತವೆ. ಆಗ ಯಾವುದರ ಬಣ್ಣ ನಿಲ್ಲಬೇಕು ಎಂಬುದನ್ನು ಎಕ್ಸೆಲ್ ಕ್ರಮ ನೋಡಿ ತೀರ್ಮಾನಿಸುತ್ತದೆ. ಪಟ್ಟಿಯಲ್ಲಿ ಮೇಲಿರುವುದೇ ಗೆಲ್ಲುತ್ತದೆ, ಮತ್ತು ಹೊಸದಾಗಿ ಹಾಕಿದ ನಿಯಮ ತಾನಾಗಿಯೇ ಎಲ್ಲಕ್ಕಿಂತ ಮೇಲೆ ಕೂರುತ್ತದೆ. ಹೀಗಾಗಿ ಕೊನೆಗೆ ಬಂದ ಹಳದಿ ಕೆಂಪನ್ನು ಮುಚ್ಚಿತು. Home ಪಟ್ಟಿಯಲ್ಲಿ Conditional Formatting, ಅದರೊಳಗೆ Manage Rules ಒತ್ತಿದರೆ ಈ ಕ್ರಮ ಕಣ್ಣಿಗೆ ಬೀಳುತ್ತದೆ. ಮೇಲ್ಗಡೆಯ ಆಯ್ಕೆಯಲ್ಲಿ This Worksheet ಇರಲಿ. ಇಲ್ಲದಿದ್ದರೆ ಆಯ್ದ ಸೆಲ್‌ಗಳ ನಿಯಮ ಮಾತ್ರ ಕಂಡು, ಉಳಿದವು ಇಲ್ಲವೇ ಇಲ್ಲ ಎಂದು ಭ್ರಮಿಸುತ್ತೇವೆ. ಕೆಂಪಿನ ನಿಯಮವನ್ನು ಆಯ್ದು ಮೇಲ್ಮುಖ ಬಾಣ ಒತ್ತಿದರೆ 28 ಮತ್ತೆ ಕೆಂಪಾಗುತ್ತದೆ.

ಜಗಳ ಇರುವುದು ಒಂದೇ ಗುಣಕ್ಕೆ ಇಬ್ಬರು ಕೈ ಹಾಕಿದಾಗ ಮಾತ್ರ. ಒಂದು ನಿಯಮ ಹಿನ್ನೆಲೆ ಬಣ್ಣವನ್ನೂ ಇನ್ನೊಂದು ದಪ್ಪ ಅಕ್ಷರವನ್ನೂ ಕೇಳಿದರೆ ಎರಡೂ ಸಿಗುತ್ತವೆ. ಹಾಜರಾತಿ 75ಕ್ಕಿಂತ ಕಡಿಮೆ ಇರುವ ಮಗುವಿನ ಇಡೀ ಸಾಲು ದಪ್ಪಗೆ ಕಾಣಲಿ ಎಂದು A2ರಿಂದ D61ರವರೆಗೆ ಆಯ್ದು ಹೀಗೆ ಬರೆಯಬಹುದು:

```
=$C2<75
```

C ಮುಂದಿನ ಡಾಲರ್ ಚಿಹ್ನೆ ಮುಖ್ಯ. ಹೆಸರಿನ ಸೆಲ್ ಇರಲಿ, ಅಂಕದ ಸೆಲ್ ಇರಲಿ, ನೋಡಬೇಕಾದದ್ದು ಅದೇ ಸಾಲಿನ C ಕಾಲಂ ಎಂದು ಅದು ಹೇಳುತ್ತದೆ. 2ರ ಮುಂದೆ ಡಾಲರ್ ಹಾಕಬಾರದು; ಹಾಕಿದರೆ ಅರವತ್ತೂ ಮಕ್ಕಳ ತೀರ್ಪು ಮೊದಲ ಮಗುವಿನ ಹಾಜರಾತಿಯ ಮೇಲೆ ನಿಲ್ಲುತ್ತದೆ. ಇನ್ನು ಸೂತ್ರದ ಸಾಲೂ Applies to ಕಾಲಂನಲ್ಲಿರುವ ವ್ಯಾಪ್ತಿಯ ಮೊದಲ ಸಾಲೂ ಒಂದೇ ಆಗಿರಬೇಕು. ವ್ಯಾಪ್ತಿ 2ರಿಂದ ಶುರುವಾಗಿ ಸೂತ್ರದಲ್ಲಿ $C1 ಇದ್ದರೆ, ಒಬ್ಬರ ಗುರುತು ಅವರ ಕೆಳಗಿನ ಸಾಲಿನವರಿಗೆ ಬೀಳುತ್ತದೆ. ತಪ್ಪು ಮಗುವಿನ ಪೋಷಕರಿಗೆ ಪತ್ರ ಹೋಗುವುದು ಇಂಥದ್ದರಿಂದಲೇ. ಹೀಗಾಗಿ ನಿಯಮ ಹಾಕಿದ ಮೇಲೆ ಗುರುತು ಬಂದ ಒಂದೆರಡು ಸಾಲುಗಳ ಹಾಜರಾತಿಯನ್ನು ಕಣ್ಣಾರೆ ಓದಿ ನೋಡುವುದು ಒಳ್ಳೆಯದು.

ಈಗ Stop If True. ಪರೀಕ್ಷೆಗೆ ಬಾರದ ಮಕ್ಕಳ ಅಂಕದ ಸೆಲ್ ಖಾಲಿ. ಮೇಲಿನ ಸೂತ್ರದ ಲೆಕ್ಕದಲ್ಲಿ ಖಾಲಿ ಎಂದರೆ ಸೊನ್ನೆ, ಸೊನ್ನೆ 35ಕ್ಕಿಂತ ಕಡಿಮೆ. ಹಾಗಾಗಿ ಗೈರಾದವರೂ ನಾಪಾಸಾದವರ ಕೆಂಪಿನಲ್ಲೇ ಸೇರಿಹೋಗುತ್ತಾರೆ. ಇದನ್ನು ತಡೆಯಲು ಎಲ್ಲಕ್ಕಿಂತ ಮೇಲೆ ಈ ನಿಯಮ ಇಡಬೇಕು:

```
=D2=""
```

ಅದಕ್ಕೆ ಯಾವ ಬಣ್ಣವನ್ನೂ ಕೊಡದೆ, ಬಲತುದಿಯ Stop If True ಚೌಕಕ್ಕೆ ಗುರುತು ಹಾಕಿ. ಸೆಲ್ ಖಾಲಿ ಎಂದು ಕಂಡ ಕೂಡಲೇ ಎಕ್ಸೆಲ್ ಅಲ್ಲೇ ನಿಲ್ಲುತ್ತದೆ, ಕೆಳಗಿನ ನಿಯಮಗಳನ್ನು ನೋಡುವುದೇ ಇಲ್ಲ. ಎಕ್ಸೆಲ್ 2003ರವರೆಗೆ ಒಂದು ಸೆಲ್‌ಗೆ ಮೂರೇ ನಿಯಮ, ಮೊದಲು ನಿಜವಾದದ್ದರಲ್ಲೇ ನಿಲುಗಡೆ. 2007ರಲ್ಲಿ ಆ ಮಿತಿ ಹೋಯಿತು. ಹಳೆಯ ನಡವಳಿಕೆ ಬೇಕೆನ್ನುವವರಿಗೆ ಈ ಚೌಕ ಉಳಿಯಿತು.

ಆದರೆ ಈ ನಿಲುಗಡೆ ಸೆಲ್‌ಗೆ ಸೀಮಿತ, ಸಾಲಿಗಲ್ಲ. ಕೆಂಪಿನ ನಿಯಮಕ್ಕೂ ಗುರುತು ಹಾಕಿ, ಹಾಜರಾತಿಯ ನಿಯಮವನ್ನು ಅದರ ಕೆಳಗಿಟ್ಟರೆ, 28 ಅಂಕ ಮತ್ತು 70 ಹಾಜರಾತಿಯ ಮಗುವಿನ ಹೆಸರು ದಪ್ಪಗೆ ಕಾಣುತ್ತದೆ, ಅಂಕ ಮಾತ್ರ ಕೆಂಪಾಗಿಯೂ ತೆಳ್ಳಗೇ ಉಳಿಯುತ್ತದೆ. ಒಂದೇ ಸಾಲಿನಲ್ಲಿ ಹೀಗೆ ಅರ್ಧಂಬರ್ಧ ಕಂಡರೆ ಮೊದಲು ನೋಡಬೇಕಾದದ್ದು ಆ ಚೌಕಗಳನ್ನೇ.

ತಿಂಗಳುಗಟ್ಟಲೆ ಬಳಸಿದ ಹಾಳೆಗಳಲ್ಲಿ ನಾನು ಹೆಚ್ಚು ಅಂಜುವುದು ವ್ಯಾಪ್ತಿ ಚೂರಾಗುವುದಕ್ಕೆ. ಸಾಲುಗಳನ್ನು ನಕಲಿಸಿ ಅಂಟಿಸಿದಾಗ ಅಂಕದ ಜೊತೆ ನಿಯಮವೂ ಅಂಟಿಕೊಂಡು ಬರುತ್ತದೆ. ಕ್ರಮೇಣ ಒಂದೇ ನಿಯಮಕ್ಕೆ ನಾಲ್ಕಾರು ಪ್ರತಿಗಳು ಹುಟ್ಟಿ, Applies to ಕಾಲಂನಲ್ಲಿ ಇಂಥದ್ದು ಕಾಣಿಸುತ್ತದೆ:

```
=$D$2:$D$17,$D$19:$D$61
```

ಬಿಟ್ಟುಹೋದ 18ನೇ ಸಾಲು ಬೇರೆ ಪ್ರತಿಯ ಕೈಯಲ್ಲಿದೆ. ಮುಂದೆ 35ನ್ನು 40 ಎಂದು ಬದಲಿಸಿದರೆ ಆ ಒಂದು ಸಾಲು ಹಳೆಯ ಲೆಕ್ಕದಲ್ಲೇ ಉಳಿಯುತ್ತದೆ, ನೋಡಿದವರಿಗೆ ಗೊತ್ತೂ ಆಗುವುದಿಲ್ಲ. ಪ್ರತಿಗಳನ್ನು ಅಳಿಸಿ, ಉಳಿದ ಒಂದರ ವ್ಯಾಪ್ತಿಯನ್ನು =$D$2:$D$61 ಎಂದು ತಿದ್ದಿ. ತಿದ್ದುವಾಗ ಬಾಣದ ಕೀಲಿ ಒತ್ತಿದರೆ ಬೇಡದ ಸೆಲ್ ವಿಳಾಸ ಸೇರಿಕೊಳ್ಳುತ್ತದೆ. ಮೊದಲು F2 ಒತ್ತಿದರೆ ಆ ಕಾಟವಿಲ್ಲ. ಮುಂದಿನ ಸಲ ಅಂಕಗಳನ್ನು ಅಂಟಿಸುವಾಗ Paste Special ಒಳಗಿನ Values ಆಯ್ದರೆ ಅಂಕವಷ್ಟೇ ಬರುತ್ತದೆ, ನಿಯಮಗಳು ಇದ್ದಲ್ಲೇ ಇರುತ್ತವೆ.