ಕೈಯಲ್ಲಿರುವ ಒಂದನ್ನು ಹಿಡಿಯುವ ಬಗೆ

ಕೂಡುವ ಲೆಕ್ಕದಲ್ಲಿ ಅಂಕಿಗಳನ್ನು ಅಳಿಸಿ, ಅವುಗಳ ಜಾಗದಲ್ಲಿ ಅಕ್ಷರಗಳನ್ನು ಕೂರಿಸಿದ ಒಗಟುಗಳಿವೆ. ಒಂದು ಅಕ್ಷರಕ್ಕೆ ಎಲ್ಲೆಡೆಯೂ ಒಂದೇ ಅಂಕಿ. ಒಂದರ ಅಂಕಿ ಇನ್ನೊಂದಕ್ಕಿಲ್ಲ. ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ 1958ರ ತಮ್ಮ ಪುಸ್ತಕದಲ್ಲಿ ಚರ್ಚಿಸಿದ ಈ ಒಗಟು ನನಗೆ ಅವೆಲ್ಲದರಲ್ಲಿ ಅಚ್ಚುಮೆಚ್ಚು. ಕೊಟ್ಟಿರುವ ಸುಳಿವು ಒಂದೇ, D = 5.

```
  D O N A L D
+ G E R A L D
-------------
  R O B E R T
```

ಉಳಿದ ಒಂಬತ್ತು ಅಕ್ಷರಗಳಿಗೆ ಅಂಕಿ ಹಂಚಲು 3,62,880 ದಾರಿಗಳಿವೆ. ಒಂದೊಂದನ್ನೇ ಹಾಕಿ ನೋಡುವ ಹಾಗಿಲ್ಲ.

ಬಿಡಿ ಸ್ಥಾನದಲ್ಲಿ ಐದೂ ಐದೂ ಹತ್ತು. T ಸೊನ್ನೆ, ದಶಕ ಒಂದು ಕೈಯಲ್ಲಿ. ಹತ್ತರ ಸ್ಥಾನದಲ್ಲಿ L ಎರಡು ಸಲ ಇದೆ. ಯಾವ ಅಂಕಿಯನ್ನಾದರೂ ಅದಕ್ಕೇ ಕೂಡಿದರೆ ಬರುವುದು ಸಮಸಂಖ್ಯೆ. ಅದರ ಮೇಲೆ ಕೈಯಲ್ಲಿದ್ದ ಒಂದು ಸೇರಿದರೆ ಬೆಸ. ಆದ್ದರಿಂದ L ಎಷ್ಟೆಂದು ಗೊತ್ತಿಲ್ಲದಿದ್ದರೂ R ಬೆಸ ಎಂಬುದು ಖಚಿತ. ಕೈಯಲ್ಲಿದ್ದ ಒಂದನ್ನು ಮರೆತವರು R ಸಮ ಎಂದು ಬರೆದುಕೊಂಡು ಇಲ್ಲಿಯೇ ದಾರಿ ತಪ್ಪುತ್ತಾರೆ.

ಇಲ್ಲಿಂದ ಎಡಕ್ಕೆ ಸಾಲಾಗಿ ಹೋಗಬೇಡಿ, ಲಕ್ಷದ ಸ್ಥಾನಕ್ಕೆ ಹಾರಿ. 5ಕ್ಕೆ G ಸೇರಿ R ಆಗಿದೆ, ಮೊತ್ತಕ್ಕೆ ಏಳನೆಯ ಅಂಕಿ ಬಂದಿಲ್ಲ. ಹಾಗಾದರೆ R ಐದಕ್ಕಿಂತ ದೊಡ್ಡದು. ಬೆಸವೂ ಆಗಬೇಕಾದ್ದರಿಂದ 7 ಅಥವಾ 9.

ಹತ್ತು ಸಾವಿರದ ಸ್ಥಾನದಲ್ಲಿ Oಗೆ E ಕೂಡಿದರೂ O ಹಾಗೆಯೇ ಉಳಿದಿದೆ. E ಸೊನ್ನೆ ಎನ್ನಲು ಮನಸ್ಸು ತವಕಿಸುತ್ತದೆ, ಆದರೆ ಸೊನ್ನೆ ಆಗಲೇ Tಯ ಪಾಲಾಗಿದೆ. ಉಳಿದ ದಾರಿ ಒಂದೇ: E ಒಂಬತ್ತು. ಬಲದಿಂದ ಬಂದ ಒಂದು ಸೇರಿ ಹತ್ತಾಗಿ, ಆ ಹತ್ತು ದಶಕವಾಗಿ ಎಡಕ್ಕೆ ಹೋಗಿದೆ. ಹೀಗಾಗಿ R = 7. ಲಕ್ಷದ ಸ್ಥಾನಕ್ಕೂ ಒಂದು ಬಂದಿರುವುದರಿಂದ G = 1.

ಈಗ ಹತ್ತರ ಸ್ಥಾನಕ್ಕೆ ಮರಳೋಣ. L 3 ಆದರೂ 7 ಬರುತ್ತದೆ, 8 ಆದರೂ 17 ಬರುತ್ತದೆ. ಸಮ–ಬೆಸ ಇಲ್ಲಿ ಇದಕ್ಕಿಂತ ಹೆಚ್ಚು ಹೇಳದು. ಉತ್ತರ ಪಕ್ಕದ ನೂರರ ಸ್ಥಾನದಲ್ಲಿದೆ. ಅಲ್ಲಿ ಎರಡು Aಗಳು ಸೇರಿ E, ಅಂದರೆ 9, ಬಂದಿದೆ. ಜೋಡಿ ಅಕ್ಷರದ ಮೊತ್ತ ಬೆಸವಾಗಬೇಕಾದರೆ ಬಲದಿಂದ ಒಂದು ಬಂದಿರಲೇಬೇಕು. ಹಾಗಾಗಿ L = 8. A ನಾಲ್ಕು, ಅದು 9 ಆಗಲಾರದು, ಆ ಅಂಕಿ Eಯದು. ನೂರರಿಂದ ದಶಕ ಮುಂದೆ ಹೋಗುವುದಿಲ್ಲ.

ಉಳಿದ ಅಂಕಿಗಳು 2, 3, 6. ಸಾವಿರದ ಸ್ಥಾನದಲ್ಲಿ Nಗೆ 7 ಕೂಡಿ ದಶಕ ಕಳಿಸಬೇಕು. ಹಾಗಾದರೆ N, Bಗಿಂತ ಮೂರು ಹೆಚ್ಚು. N = 6, B = 3, ಕೊನೆಗೆ O = 2.

526485ಕ್ಕೆ 197485 ಸೇರಿದರೆ 723970. ಪೆನ್ಸಿಲ್ ಹಿಡಿದು ಒಮ್ಮೆ ಕೂಡಿ ನೋಡಿ.